ಬೆಲ್ಲದ ಪೊಟ್ಟಣಕ್ಕೆ ಏನು ಹೆಸರಿಡೋದು? ನಾಲ್ಕು ಬಗೆಯ ಬ್ರ್ಯಾಂಡ್ ಹೆಸರು, ಆರಿಸುವ ಕ್ರಮ

ಮಂಡ್ಯ ಸುತ್ತಮುತ್ತ ಆಲೆಮನೆ ಇಟ್ಟುಕೊಂಡಿರುವವರು ಒಂದು ಲೆಕ್ಕ ಹಾಕುತ್ತಿರುತ್ತಾರೆ. ಬೆಲ್ಲವನ್ನು ಮಂಡಿಗೆ ಹಾಕಿದರೆ ಮಂಡಿಯವರು ಹೇಳಿದ್ದೇ ರೇಟು. ಅದೇ ಬೆಲ್ಲವನ್ನು ಪುಡಿ ಮಾಡಿ ಅರ್ಧ ಕೆಜಿ ಪೊಟ್ಟಣಕ್ಕೆ ತುಂಬಿ ಮೈಸೂರು, ಬೆಂಗಳೂರಿನ ಅಂಗಡಿಗೆ ಕೊಟ್ಟರೆ ರೇಟು ನಮ್ಮದು. ಪೊಟ್ಟಣ ಅಂದ ಕೂಡಲೇ ಅದರ ಮೇಲೆ ಒಂದು ಹೆಸರು ಬೇಕು. ಆಗ ಜಾಸ್ತಿ ಜನ ಯೋಚನೆಯನ್ನೇ ಮಾಡದೆ ‘ಮಂಡ್ಯ ಬೆಲ್ಲ’ ಅಂತಲೋ ‘ಶುದ್ಧ ಸಾವಯವ ಬೆಲ್ಲ’ ಅಂತಲೋ ಅಚ್ಚು ಹಾಕಿಸಿಬಿಡುತ್ತಾರೆ. ವರ್ಷ ಕಳೆಯುವುದರೊಳಗೆ ಪಕ್ಕದ ಊರಿನವರು ಅದೇ ಹೆಸರಲ್ಲಿ ಬರುತ್ತಾರೆ, ಇವರು ಏನೂ ಮಾಡೋಕಾಗಲ್ಲ.

ಹೆಸರಿಡುವ ನಾಲ್ಕು ಬಗೆಗಳನ್ನು ಈ ಬೆಲ್ಲದ ಪೊಟ್ಟಣವನ್ನೇ ಮುಂದಿಟ್ಟುಕೊಂಡು ನೋಡೋಣ. ಬೇರೆ ಬೇರೆ ವ್ಯಾಪಾರದ ಹತ್ತು ಉದಾಹರಣೆಗಿಂತ ಒಂದನ್ನೇ ಕೊನೆವರೆಗೂ ಹಿಡಿದುಕೊಂಡು ಹೋದರೆ ಚೆನ್ನಾಗಿ ತಿಳಿಯುತ್ತದೆ.

ಮೊದಲು ಬಗೆಗಳನ್ನು ಗುರುತಿಸಿ

ಉದಾಹರಣೆಗೆ ದೂರ ಹೋಗಬೇಕಿಲ್ಲ, ನಾಲ್ಕೂ ಬಗೆ ಮೈಸೂರಿನವರಿಗೆ ಗೊತ್ತಿರುವ ಹೆಸರುಗಳಲ್ಲೇ ಇವೆ.

ಮೈಸೂರ್ ಸ್ಯಾಂಡಲ್ ಸೋಪ್ ಅನ್ನುವುದು ವರ್ಣಿಸುವ ಹೆಸರು. ಯಾವ ಊರು, ಯಾವ ಪದಾರ್ಥ, ಏನು ವಸ್ತು, ಮೂರೂ ಹೆಸರಲ್ಲೇ ಇದೆ. ಚುನಾವಣೆಯಲ್ಲಿ ಬೆರಳಿಗೆ ಹಚ್ಚುವ ಶಾಯಿ ಮಾಡುವ ಮೈಸೂರ್ ಪೇಂಟ್ಸ್ ಅಂಡ್ ವಾರ್ನಿಶ್ ಕೂಡ ಇದೇ ಜಾತಿ.

ಸೈಕಲ್ ಅಗರಬತ್ತಿ ರೂಪಕದ ಕಡೆಗೆ ಸೇರುತ್ತದೆ. ಸೈಕಲ್ಲಿಗೂ ಅಗರಬತ್ತಿಗೂ ನೇರ ಸಂಬಂಧ ಇಲ್ಲ. ಆದರೆ ಎಲ್ಲರಿಗೂ ಗೊತ್ತಿರುವ ವಸ್ತು, ಯಾವ ಭಾಷೆಯವರ ಬಾಯಲ್ಲೂ ಅದೇ ಶಬ್ದ, ಓದು ಬರದವರೂ ಚಿತ್ರ ತೋರಿಸಿ ಕೇಳಬಹುದು. ಆ ಅಗರಬತ್ತಿ ಮಾಡುವ ಸಂಸ್ಥೆಯ ಹೆಸರು ಎನ್. ರಂಗರಾವ್ ಅಂಡ್ ಸನ್ಸ್, 1948ರಲ್ಲಿ ಮೈಸೂರಲ್ಲಿ ಶುರುವಾಗಿದ್ದು. ಅದು ಸ್ಥಾಪಕರ ಹೆಸರು. ಇಲ್ಲೇ ಗಮನಿಸಬೇಕಾದ್ದು ಇದೆ. ಸಂಸ್ಥೆಗೆ ಮನೆತನದ ಹೆಸರು, ಪೊಟ್ಟಣದ ಮೇಲೆ ಬೇರೆ ಹೆಸರು. ಎರಡೂ ಒಂದೇ ಆಗಬೇಕು ಅಂತ ಯಾವ ನಿಯಮವೂ ಇಲ್ಲ.

ನಾಲ್ಕನೆಯದು ಹೊಸದಾಗಿ ಕಟ್ಟಿದ ಶಬ್ದ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದ ಬೈಕಿನ ‘ಜಾವಾ’ ಯಾವ ಭಾಷೆಯಿಂದಲೂ ಎತ್ತಿಕೊಂಡ ಶಬ್ದ ಅಲ್ಲ. ಜೆಕ್ ದೇಶದ ಯಾನೆಚೆಕ್ ಅನ್ನುವವರು ವಾಂಡರರ್ ಅನ್ನುವ ಕಂಪನಿಯ ಬೈಕನ್ನು ಮಾಡುವ ಹಕ್ಕು ಕೊಂಡರು. ಯಾನೆಚೆಕ್ ಅನ್ನುವುದನ್ನು ಅವರ ಭಾಷೆಯಲ್ಲಿ Janeček ಅಂತ ಬರೆಯುತ್ತಾರೆ, ಅದರ Ja, Wanderer ಹೆಸರಿನ Wa ಸೇರಿಸಿ ಜಾವಾ ಆಯಿತು.

ಹೆಸರು ಯಾವ ಬಗೆಯದು ಅಂತ ಅನುಮಾನ ಬಂದರೆ ಒಂದು ಪ್ರಶ್ನೆ ಸಾಕು: ನನ್ನ ಎದುರಾಳಿ ತನ್ನ ಸರಕಿನ ಬಗ್ಗೆ ನಿಜ ಹೇಳೋಕೆ ಈ ಶಬ್ದ ಬಳಸಲೇಬೇಕಾ? ಹೌದು ಅಂದರೆ ಅದು ವರ್ಣಿಸುವ ಹೆಸರು. ಬೆಲ್ಲ ಮಾರುವ ಯಾರಿಗೇ ಆದರೂ ‘ಬೆಲ್ಲ’ ಅನ್ನದೆ ಗತಿ ಇಲ್ಲ, ಮಂಡ್ಯದಲ್ಲಿ ಮಾಡಿದವರಿಗೆ ‘ಮಂಡ್ಯ’ ಅನ್ನದೆ ಗತಿ ಇಲ್ಲ. ಅದೇ ಅಗರಬತ್ತಿ ಮಾರುವವರಿಗೆ ‘ಸೈಕಲ್’ ಅನ್ನುವ ಅಗತ್ಯವೇ ಬೀಳಲ್ಲ.

ವರ್ಣಿಸುವ ಹೆಸರಿನ ಆಸೆ ಮತ್ತು ಅದರ ತೊಂದರೆ

ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕೆಂದರೆ ಹೆಚ್ಚಿನವರು ಎಡವುವುದು ಇಲ್ಲೇ. ‘ಮಂಡ್ಯ ಬೆಲ್ಲ’ ಅಂತಿದ್ದರೆ ಮೊದಲ ದಿನದಿಂದಲೇ ಮಾರಾಟಕ್ಕೆ ಅನುಕೂಲ, ಯಾರಿಗೂ ಏನು ಅಂತ ವಿವರಿಸಬೇಕಾಗಿಲ್ಲ. ಅದು ನಿಜವಾದ ಲಾಭ, ಅಲ್ಲಗಳೆಯಲ್ಲ. ಆದರೆ 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆಯ 9ನೇ ಸೆಕ್ಷನ್ ಪ್ರಕಾರ ಸರಕಿನ ಜಾತಿ, ಗುಣ, ಪ್ರಮಾಣ, ಬಳಕೆ, ಹುಟ್ಟಿದ ಊರು ಇವನ್ನಷ್ಟೇ ಹೇಳುವ ಹೆಸರನ್ನು ಒಬ್ಬರ ಹೆಸರಿಗೆ ನೋಂದಾಯಿಸುವುದಿಲ್ಲ. ಬಹಳ ಕಾಲ ಬಳಸಿ ಜನ ಆ ಹೆಸರನ್ನು ನಿಮ್ಮೊಬ್ಬರಿಗೇ ಗುರುತಿಸುವ ಹಾಗೆ ಆಗಿದೆ ಅಂತ ತೋರಿಸಿದರೆ ಮಾತ್ರ ದಾರಿ ಇದೆ. ಅದನ್ನು ತೋರಿಸೋಕೆ ವರ್ಷಗಟ್ಟಲೆ ಬಿಲ್ಲು, ಜಾಹೀರಾತಿನ ಖರ್ಚು, ಮಾರಾಟದ ಲೆಕ್ಕ ಎಲ್ಲ ಬೇಕು.

ನೋಂದಣಿ ಇಲ್ಲದೆಯೂ ಕೋರ್ಟಿಗೆ ಹೋಗಬಹುದಲ್ವಾ ಅಂತ ಕೇಳಬಹುದು. ಹೋಗಬಹುದು, ಆದರೆ ಸಿಗುವುದು ಕಮ್ಮಿ. ‘ಶುಗರ್ ಫ್ರೀ’ ಅನ್ನುವ ಸಿಹಿಕಾರಕ ಮಾರುತ್ತಿದ್ದ ಕಂಪನಿ, ಅಮುಲ್ ತನ್ನ ಐಸ್‌ಕ್ರೀಮ್ ಬಗೆಯ ತಿನಿಸಿನ ಮೇಲೆ ಅದೇ ಶಬ್ದ ಹಾಕಿತು ಅಂತ ಡೆಲ್ಲಿ ಹೈಕೋರ್ಟಿಗೆ ಹೋಯಿತು. ಆ ಶಬ್ದ ಸರಕಿನ ಗುಣವನ್ನು ಹೇಳುವಂಥದ್ದು, ಬೇರೆಯವರು ಅದನ್ನು ಬಳಸಲೇಬಾರದು ಅನ್ನೋಕಾಗಲ್ಲ ಅನ್ನುವ ಕಡೆಗೇ ತೀರ್ಪು ಹೋಯಿತು. ಮನೆಮಾತಾಗಿದ್ದ ಹೆಸರಿಗೇ ಇಷ್ಟು ಕಷ್ಟ ಆದರೆ ಹೊಸ ಬೆಲ್ಲದ ಪೊಟ್ಟಣದ ಗತಿ ಏನು?

ಹಾಗಾದರೆ ಮೈಸೂರ್ ಸ್ಯಾಂಡಲ್ ಹೇಗೆ ಉಳಿಯಿತು? ಗಂಧದ ಮರ ಮೈಸೂರು ಸಂಸ್ಥಾನದಲ್ಲಿ ಸರ್ಕಾರದ ಸ್ವತ್ತಾಗಿತ್ತು, ಎಣ್ಣೆ ತೆಗೆದದ್ದೂ ಸರ್ಕಾರದ ಕಾರ್ಖಾನೆ. ಬೇರೆಯವರು ಆ ಹೆಸರಿಗೆ ತಕ್ಕ ಸರಕನ್ನು ಮಾಡುವುದೇ ಕಷ್ಟವಿತ್ತು. ನೂರು ವರ್ಷದ ಬಳಕೆ ಬೇರೆ ಅದರ ಹಿಂದೆ ಇದೆ. ಕಬ್ಬು ಹಾಗಲ್ಲ, ನಾಲೆ ನೀರು ಹರಿಯುವ ಕಡೆಯೆಲ್ಲ ಇದೆ. ಹಾಗಾಗಿ ಆ ಹೆಸರನ್ನು ನೋಡಿ ಈ ಹೆಸರಿಡಬೇಡಿ. ಇನ್ನೊಂದು ಮಾತು: ಮೈಸೂರು ರೇಷ್ಮೆ, ಮೈಸೂರು ಅಗರಬತ್ತಿ, ಮೈಸೂರು ಮಲ್ಲಿಗೆ, ಮೈಸೂರು ವೀಳ್ಯದೆಲೆ ಇವಕ್ಕೆಲ್ಲ ಭೌಗೋಳಿಕ ಸೂಚಕದ ನೋಂದಣಿ, ಅಂದರೆ ಈ ಸರಕು ಈ ಊರಿನದು ಅನ್ನುವ ಜಿಐ ಗುರುತು, ಇದೆ. ಆ ಸರಕುಗಳ ಮೇಲೆ ಊರಿನ ಹೆಸರನ್ನು ಸುಮ್ನೆ ಯಾರು ಬೇಕಾದರೂ ಅಂಟಿಸಿಕೊಳ್ಳುವ ಹಾಗಿಲ್ಲ, ಅದರ ನಿಯಮಕ್ಕೆ ಒಳಪಟ್ಟು ಬಳಕೆದಾರರಾಗಿ ನೋಂದಾಯಿಸಿಕೊಳ್ಳಬೇಕು.

‘ಶುದ್ಧ’, ‘ಅಸಲಿ’, ‘ಸಾಂಪ್ರದಾಯಿಕ’ ಈ ಥರದ ಶಬ್ದಗಳಿಗೆ ಮತ್ತೊಂದು ಕಟ್ಟಳೆ ಇದೆ. ಆಹಾರ ಸುರಕ್ಷತೆ ನೋಡಿಕೊಳ್ಳುವ ಕೇಂದ್ರ ಸಂಸ್ಥೆ ಎಫ್‌ಎಸ್‌ಎಸ್‌ಎಐನ 2018ರ ಜಾಹೀರಾತು ನಿಯಮಗಳ ಪ್ರಕಾರ, ಬ್ರ್ಯಾಂಡ್ ಹೆಸರಲ್ಲಿ ಇಂಥ ಶಬ್ದ ಇದ್ದು ಗಿರಾಕಿ ತಪ್ಪು ತಿಳಿಯುವಂತಿದ್ದರೆ, ಇದು ಬರೀ ಬ್ರ್ಯಾಂಡ್ ಹೆಸರು, ಸರಕಿನ ನಿಜ ಗುಣ ಅಲ್ಲ ಅನ್ನುವ ಸೂಚನೆಯನ್ನು ಲೇಬಲ್ ಮೇಲೆಯೇ ಹಾಕಬೇಕು. ನಿಮ್ಮ ಪೊಟ್ಟಣದ ಮೇಲೆ ‘ಶುದ್ಧ’ ಅಂತ ದೊಡ್ಡದಾಗಿ ಬರೆದು ಕೆಳಗೆ ಇಂಥ ಸೂಚನೆ ಬರೆಯಬೇಕಾದರೆ ಹೇಗಿರುತ್ತೆ ನೋಡಿ. ‘ಸಾವಯವ’ ಅನ್ನೋಕಂತೂ ಪ್ರಮಾಣಪತ್ರ ಬೇಕು.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಸಮಾಧಾನದ ವಿಷಯ. ಪ್ಯಾಕ್ ಮಾಡಿದ ಆಹಾರದ ಮುಂಭಾಗದಲ್ಲಿ ಆಹಾರದ ಹೆಸರು, ಅಂದರೆ ‘ಬೆಲ್ಲದ ಪುಡಿ’ ಅನ್ನುವುದು, ಇರಲೇಬೇಕು ಅಂತ ಲೇಬಲ್ ನಿಯಮವೇ ಹೇಳುತ್ತದೆ. ಅಂದಮೇಲೆ ಇದು ಏನು ಅಂತ ತಿಳಿಸುವ ಕೆಲಸವನ್ನು ಬ್ರ್ಯಾಂಡ್ ಹೆಸರಿನ ತಲೆ ಮೇಲೆ ಹೊರಿಸುವ ಅಗತ್ಯವೇ ಇಲ್ಲ. ‘ಬೆಲ್ಲದ ಪುಡಿ, ಮಂಡ್ಯದ ಆಲೆಮನೆಯಲ್ಲಿ ತಯಾರಾದದ್ದು’ ಅಂತ ಎರಡನೇ ಸಾಲಲ್ಲಿ ಹಾಕಿ. ಮೇಲಿನ ದೊಡ್ಡ ಅಕ್ಷರದ ಜಾಗ ನಿಮ್ಮೊಬ್ಬರದೇ ಆಗುವ ಶಬ್ದಕ್ಕೆ ಉಳಿಯಲಿ.

ಹೆಸರು ಹುಡುಕುವ ಮುಂಚೆ ಎರಡು ಸಾಲು ಬರೆದಿಡಿ

ಒಂದು, ಎಲ್ಲೆಲ್ಲಿ ಮಾರುತ್ತೀರಿ, ಯಾರು ಬಾಯಲ್ಲಿ ಕೇಳಿ ಕೊಳ್ಳುತ್ತಾರೆ, ಯಾರು ಟೈಪ್ ಮಾಡಿ ಹುಡುಕುತ್ತಾರೆ. ಎರಡು, ಈ ಸರಕಿನ ನಂತರ ಏನು ತರುತ್ತೀರಿ.

ನಮ್ಮ ಆಲೆಮನೆಯ ಮನೆಯವರು ಹೀಗೆ ಬರೆದರು ಅಂತಿಟ್ಟುಕೊಳ್ಳೋಣ: ಮಂಡ್ಯ, ಮೈಸೂರಿನ ಕಿರಾಣಿ ಅಂಗಡಿ, ಬೆಂಗಳೂರಿನ ಅಪಾರ್ಟ್‌ಮೆಂಟುಗಳಿಗೆ ವಾಟ್ಸಾಪ್ ಆರ್ಡರ್. ಬೆಂಗಳೂರಲ್ಲಿ ತಮಿಳು, ತೆಲುಗು, ಹಿಂದಿಯವರೂ ಇರುತ್ತಾರೆ. ಮೊದಲು ಬೆಲ್ಲದ ಪುಡಿ, ಆಮೇಲೆ ಜೋನಿ ಬೆಲ್ಲ, ಕಡಲೆಮಿಠಾಯಿ, ಸಾಧ್ಯವಾದರೆ ಗಾಣದ ಎಣ್ಣೆ. ಜಾಹೀರಾತಿಗೆ ದುಡ್ಡಿಲ್ಲ.

ಈ ಎರಡು ಸಾಲು ಬರೆದ ಕೂಡಲೇ ಎಷ್ಟೋ ಹೆಸರು ತಾವಾಗಿಯೇ ಉದುರುತ್ತವೆ. ‘ಬೆಲ್ಲ’ ಅನ್ನುವುದು ಹೆಸರಲ್ಲಿದ್ದರೆ ಎಣ್ಣೆ ಬಾಟಲಿಯ ಮೇಲೆ ಅದು ಕೂರಲ್ಲ.

ಪ್ರತಿ ಬಗೆಯಲ್ಲೂ ಒಂದೊಂದು ಹೆಸರಿಟ್ಟು ನೋಡಿ

ಸ್ಥಾಪಕರ ಹೆಸರಿನಿಂದ ಶುರು ಮಾಡೋಣ. ಅಜ್ಜನ ಹೆಸರು ನಿಂಗೇಗೌಡ ಅಂತಿಟ್ಟುಕೊಳ್ಳಿ. ಮಂಡಿಯಲ್ಲಿ ಈಗಾಗಲೇ ಜನ ‘ನಿಂಗೇಗೌಡ್ರ ಬೆಲ್ಲ ಬಂತಾ’ ಅಂತ ಕೇಳುತ್ತಿದ್ದರೆ ಆ ಹೆಸರಿಗೆ ಬೆಲೆ ಇದೆ, ಅದನ್ನು ಬಿಡಬೇಡಿ. ಯಾರೂ ಕೇಳುತ್ತಿಲ್ಲ, ಮನೆಯವರ ಅಭಿಮಾನಕ್ಕೆ ಇಡುತ್ತಿದ್ದೇವೆ ಅಂದರೆ ಎರಡು ಸಮಸ್ಯೆ. ಅದೇ ಹೆಸರಿನವರು ಈ ಜಿಲ್ಲೆಯಲ್ಲೇ ಬಹಳ ಜನ ಇರುತ್ತಾರೆ, ಕಾಯ್ದೆಯ 35ನೇ ಸೆಕ್ಷನ್ ಪ್ರಕಾರ ತಮ್ಮ ಸ್ವಂತ ಹೆಸರನ್ನು ಪ್ರಾಮಾಣಿಕವಾಗಿ ಬಳಸುವವರನ್ನು ನೀವು ತಡೆಯೋಕಾಗಲ್ಲ. ಎರಡನೆಯದು ಮನೆಯೊಳಗಿನದು. ಅಣ್ಣತಮ್ಮಂದಿರು ಬೇರೆ ಆದ ದಿನ ಹೆಸರು ಯಾರಿಗೆ? ಇಬ್ಬರೂ ಅಜ್ಜನ ಮೊಮ್ಮಕ್ಕಳೇ ಅಲ್ವಾ. ಅಜ್ಜನ ಹೆಸರಿಡುವುದಾದರೆ ಯಾರ ಹೆಸರಲ್ಲಿ ಅರ್ಜಿ, ಪಾಲಾದರೆ ಹೆಸರು ಯಾರ ಪಾಲಿಗೆ, ಇದನ್ನು ಮೊದಲೇ ಕಾಗದದ ಮೇಲೆ ಬರೆದು ಸಹಿ ಹಾಕಿಡಿ. ಸ್ವಂತ ಹೆಸರು ಅಂದಮಾತ್ರಕ್ಕೆ ಪೂರ್ತಿ ರಕ್ಷಣೆ ಅಂತಲೂ ತಿಳಿಯಬೇಡಿ. ಮಹೇಂದ್ರ ಅಂಡ್ ಮಹೇಂದ್ರ ಅನ್ನುವ ಹೆಸರಿನ ಕಾಗದದ ಮಿಲ್ಲಿಗೆ ಮಹೀಂದ್ರಾ ಅಂಡ್ ಮಹೀಂದ್ರಾ ಕಂಪನಿ ತಂದ ತಡೆಯನ್ನು 2001ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು.

ಕಟ್ಟಿದ ಶಬ್ದ: ಕಬ್ಬು ಮತ್ತು ಬೆಲ್ಲ ಸೇರಿಸಿ ‘ಕಬೆಲ್’. ಕೇಳೋಕೆ ಚುಟುಕಾಗಿದೆ, ಬೇರೆ ಯಾರೂ ಇಟ್ಟಿರುವ ಸಾಧ್ಯತೆಯೂ ಕಮ್ಮಿ. ಆದರೆ Kabel ಅಂತ ಬರೆದರೆ ಜನ ಕೇಬಲ್ ಅಂತ ಓದುತ್ತಾರೆ. ಎರಡು ಶಬ್ದ ಕತ್ತರಿಸಿ ಅಂಟಿಸಿದ ಹೆಸರಿನ ಮಾಮೂಲಿ ತೊಂದರೆ ಇದು, ಕನ್ನಡ ಲಿಪಿಯಲ್ಲಿ ಚೆನ್ನಾಗಿರುತ್ತದೆ, ಇಂಗ್ಲಿಷ್ ಅಕ್ಷರಕ್ಕೆ ಹೋದ ಕೂಡಲೇ ಬೇರೆ ಏನೋ ಆಗುತ್ತದೆ. ಕಾನೂನಿನ ಕಣ್ಣಲ್ಲಿ ಕಟ್ಟಿದ ಶಬ್ದವೇ ಅತಿ ಗಟ್ಟಿ, ಅದು ನಿಜ. ಆದರೆ ಅದಕ್ಕೆ ಸ್ವಂತ ಅರ್ಥ ಇಲ್ಲ, ಅರ್ಥ ತುಂಬಬೇಕಾದ್ದು ನಿಮ್ಮ ಜಾಹೀರಾತು. ಜಾಹೀರಾತಿಗೆ ದುಡ್ಡಿಲ್ಲ ಅಂತ ಆಗಲೇ ಬರೆದಾಗಿದೆ. ಹಾಗಾಗಿ ಇವರಿಗೆ ನಾನು ಇದನ್ನು ಹೇಳಲ್ಲ.

ರೂಪಕ: ಇಲ್ಲಿ ಮೊದಲು ತಲೆಗೆ ಬರುವುದು ಆಲೆಮನೆ, ಗಾಣ, ಕೊಪ್ಪರಿಗೆ. ಸ್ವಲ್ಪ ತಡೆಯಿರಿ. ಇವು ರೂಪಕದ ಹಾಗೆ ಕಂಡರೂ ಬೆಲ್ಲದ ಕಸುಬಿನವೇ ಶಬ್ದಗಳು. ಮೇಲಿನ ಪ್ರಶ್ನೆ ಕೇಳಿ: ಬೆಲ್ಲ ಮಾರುವ ಎದುರಾಳಿಗೆ ‘ಆಲೆಮನೆ’ ಅನ್ನುವ ಶಬ್ದ ಬೇಕಾ? ಬೇಕೇ ಬೇಕು. ಅದೇ ‘ಆಲೆಮನೆ’ಯನ್ನು ಬಟ್ಟೆ ಅಂಗಡಿಗೆ ಇಟ್ಟರೆ ಅಡ್ಡಿ ಇಲ್ಲ. ಹೆಸರು ಗಟ್ಟಿಯೋ ಅಲ್ವೋ ಅನ್ನುವುದು ಶಬ್ದದ ಮೇಲಲ್ಲ, ಯಾವ ಸರಕಿನ ಮೇಲೆ ಕೂರುತ್ತದೆ ಅನ್ನುವುದರ ಮೇಲೆ ನಿಂತಿದೆ.

ದೇವರ ಹೆಸರಿನ ಯೋಚನೆಯೂ ಬರುತ್ತದೆ. ನೋಂದಣಿಯ ದೃಷ್ಟಿಯಿಂದ ಅದು ದುರ್ಬಲ. ಅಗರಬತ್ತಿಗೆ ‘ರಾಮಾಯಣ್’ ಅನ್ನುವ ಹೆಸರು ಒಬ್ಬರ ಸ್ವತ್ತಾಗೋಕಾಗಲ್ಲ ಅಂತ 2015ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಕಸುಬಿನಿಂದ ಒಂದು ಹೆಜ್ಜೆ ಆಚೆ ಹೋಗಿ ನೋಡಿದರೆ ‘ತೇರು’ ಸಿಗುತ್ತದೆ. ಬೆಲ್ಲವನ್ನು ವರ್ಣಿಸುವ ಶಬ್ದ ಅಲ್ಲ. ಆದರೆ ಜಾತ್ರೆ, ಹಬ್ಬ, ಊರೆಲ್ಲ ಸೇರಿ ಎಳೆಯುವುದು ಎಲ್ಲವೂ ಜೊತೆಗೆ ಬರುತ್ತದೆ, ನಂಜನಗೂಡಿನ ದೊಡ್ಡ ಜಾತ್ರೆ ನೋಡಿದವರಿಗೆ ವಿವರಣೆಯೇ ಬೇಡ. ಚಿತ್ರ ಬರೆಯೋಕೆ ಸುಲಭ, ಒಂದೇ ಬಣ್ಣದಲ್ಲಿ ಸಣ್ಣದಾಗಿ ಅಚ್ಚಾದರೂ ಗುರುತು ಸಿಗುತ್ತದೆ. ಎಣ್ಣೆಗೂ ಕೂರುತ್ತದೆ, ಮಿಠಾಯಿಗೂ ಕೂರುತ್ತದೆ. ತಮಿಳು, ತೆಲುಗಿನವರಿಗೂ ಗೊತ್ತಿರುವ ಶಬ್ದ. ಸದ್ಯಕ್ಕೆ ಇದನ್ನು ಹಿಡಿದುಕೊಂಡು ಪರೀಕ್ಷೆಗೆ ಹೋಗೋಣ.

ಬಾಯಿ ಪರೀಕ್ಷೆ, ಬೆರಳಿನ ಪರೀಕ್ಷೆ

ಹೆಸರನ್ನು ಮನೆಯವರಿಗೆ ಬರೆದು ತೋರಿಸಬೇಡಿ. ಫೋನ್ ಮಾಡಿ, ಒಂದೇ ಸಲ ಹೇಳಿ, ಅದನ್ನು ವಾಟ್ಸಾಪಿನಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿ ಕಳಿಸೋಕೆ ಹೇಳಿ. ಬೇರೆ ಬೇರೆ ವಯಸ್ಸಿನವರಿಗೆ, ಕನ್ನಡ ಬಾರದವರಿಗೂ ಮಾಡಿ. ಬಂದ ಉತ್ತರಗಳಲ್ಲಿ ಎಷ್ಟು ಥರದ ಸ್ಪೆಲಿಂಗ್ ಇದೆ ನೋಡಿ. ‘ತೇರು’ ಆದರೆ ಕೆಲವರು Teru, ಕೆಲವರು Theru ಕಳಿಸುತ್ತಾರೆ. Theru ಅಂದರೆ ತಮಿಳಿನವರು ಬೀದಿ ಅಂತ ಓದಿಬಿಡುತ್ತಾರೆ. ಹಾಗಾಗಿ ಪೊಟ್ಟಣದ ಮೇಲೆ Teru ಇರಲಿ, ವೆಬ್‌ಸೈಟ್ ವಿಳಾಸ ತೆಗೆದುಕೊಳ್ಳುವಾಗ ಎರಡನ್ನೂ ತೆಗೆದುಕೊಳ್ಳಿ.

ನಮ್ಮ ಕಡೆಗೆ ವಿಶೇಷವಾದ ಒಂದು ವಿಷಯ ಇದೆ. ಮಂಡ್ಯ ಕಡೆಯ ಹಳ್ಳಿ ಮಾತಲ್ಲಿ ಶಬ್ದದ ಶುರುವಿನ ಹಕಾರ ಬಿದ್ದುಹೋಗುತ್ತದೆ, ಹಾಲು ಆಲಾಗುತ್ತದೆ, ಹೊಲ ವಲವಾಗುತ್ತದೆ. ‘ಹೊಂಬೆಳಕು’ ಅಂತಿಟ್ಟರೆ ಅಂಗಡಿಯಲ್ಲಿ ಒಬ್ಬರು ಒಂದು ಥರ, ಇನ್ನೊಬ್ಬರು ಇನ್ನೊಂದು ಥರ ಕೇಳುತ್ತಾರೆ. ಮಹಾಪ್ರಾಣದ ಅಕ್ಷರ, ಳಕಾರ ಇರುವ ಹೆಸರನ್ನು ಬೇರೆ ಭಾಷೆಯವರು ತಿರುಚುತ್ತಾರೆ. ಶಬ್ದ ಎಷ್ಟೇ ಚೆಂದ ಇರಲಿ, ಗಿರಾಕಿ ಅಂಗಡಿಯಲ್ಲಿ ನಾಚಿಕೆ ಇಲ್ಲದೆ ಬಾಯ್ಬಿಟ್ಟು ಕೇಳುವ ಹಾಗಿರಬೇಕು.

ಹುಡುಕಾಟ

ಇಷ್ಟವಾದ ಒಂದೇ ಹೆಸರಿನ ಜೊತೆ ಹುಡುಕೋಕೆ ಕೂರಬೇಡಿ, ಮೂರಾದರೂ ಇರಲಿ. ತೇರು ಎಷ್ಟು ಒಳ್ಳೆಯ ಹೆಸರೋ ಅಷ್ಟೇ ಬೇಗ ಇನ್ನೊಬ್ಬರಿಗೂ ಹೊಳೆದಿರಬಹುದು.

ಟ್ರೇಡ್ ಮಾರ್ಕ್ ಕಚೇರಿಯ ಸಾರ್ವಜನಿಕ ಹುಡುಕಾಟ tmrsearch.ipindia.gov.in ನಲ್ಲಿ ಉಚಿತ. ಸರಕುಗಳನ್ನು ಅಲ್ಲಿ ವರ್ಗಗಳಾಗಿ ವಿಂಗಡಿಸಿದ್ದಾರೆ. ಬೆಲ್ಲ, ಸಕ್ಕರೆ, ಮಿಠಾಯಿ, ಮಸಾಲೆ, ಹಿಟ್ಟು 30ನೇ ವರ್ಗ. ಅಡುಗೆ ಎಣ್ಣೆ, ತುಪ್ಪ 29. ಅಂಗಡಿ ವ್ಯಾಪಾರ 35. ಮೊದಲು Wordmark ಆಯ್ಕೆಯಲ್ಲಿ, ಶಬ್ದದ ಒಳಗೆಲ್ಲೇ ಇದ್ದರೂ ಸಿಗುವ ಹಾಗೆ Contains ಹಾಕಿ ಹುಡುಕಿ. ಆಮೇಲೆ Phonetic ಆಯ್ಕೆಯಲ್ಲಿ ಹುಡುಕಿ, ಅದು ಉಚ್ಚಾರ ಹೋಲುವ ಹೆಸರುಗಳನ್ನು ತೋರಿಸುತ್ತದೆ. ಸ್ಪೆಲಿಂಗ್ ಬೇರೆ ಅಂತ ಸಮಾಧಾನ ಪಟ್ಟುಕೊಳ್ಳಬೇಡಿ, ಕಿವಿಗೆ ಒಂದೇ ಥರ ಕೇಳಿಸಿದರೂ ತಕರಾರು ಬರುತ್ತದೆ.

ಫಲಿತಾಂಶದಲ್ಲಿ Registered ಅಂತ ಇದ್ದು, ಅದೇ ವರ್ಗದಲ್ಲಿ ಹೋಲುವ ಸರಕು ಇದ್ದರೆ ಆ ಹೆಸರು ಬಿಟ್ಟುಬಿಡಿ. Objected ಅಂದರೆ ಕಚೇರಿಯೇ ಆಕ್ಷೇಪ ಎತ್ತಿದೆ, Opposed ಅಂದರೆ ಬೇರೆಯವರು ವಿರೋಧಿಸಿದ್ದಾರೆ. ಇವೆರಡೂ ಇನ್ನೂ ಜೀವಂತ ಅರ್ಜಿಗಳೇ. Abandoned ಅಂತ ಇದ್ದರೂ ನಿಶ್ಚಿಂತೆ ಬೇಡ, ಅರ್ಜಿ ಬಿಟ್ಟವರು ಇನ್ನೂ ಅದೇ ಹೆಸರಲ್ಲಿ ಮಾರುತ್ತಿರಬಹುದು. ಮೊದಲಿಂದ ಬಳಸುತ್ತಿರುವವರ ಹಕ್ಕನ್ನು ಕಾನೂನು ಗುರುತಿಸುತ್ತದೆ. ಅದಕ್ಕೇ ಆನ್‌ಲೈನ್ ಅಂಗಡಿಗಳಲ್ಲಿ, ಮ್ಯಾಪಿನಲ್ಲಿ, ಮಂಡ್ಯ ಮೈಸೂರಿನ ಕಿರಾಣಿ ಕಪಾಟುಗಳಲ್ಲಿ ಕಣ್ಣಾರೆ ನೋಡಿ ಬನ್ನಿ.

ಉದ್ಯಮ್ ನೋಂದಣಿ, ಜಿಎಸ್‌ಟಿ, ಎಫ್‌ಎಸ್‌ಎಸ್‌ಎಐ ಲೈಸೆನ್ಸ್ ಯಾವುದೂ ಬ್ರ್ಯಾಂಡ್ ಹೆಸರಿನ ಮೇಲೆ ಹಕ್ಕು ಕೊಡಲ್ಲ. ಕಂಪನಿಯ ಹೆಸರು ಸಿಕ್ಕಿತು, ಹಾಗಾಗಿ ಬ್ರ್ಯಾಂಡೂ ನಮ್ಮದೇ ಅಂದುಕೊಂಡು ಕೂತವರು ಬಹಳ ಜನ ಇದ್ದಾರೆ.

ಅರ್ಜಿ

ಫಾರ್ಮ್ TM-A. ಆನ್‌ಲೈನಿನಲ್ಲಿ ಹಾಕಿದರೆ ವ್ಯಕ್ತಿ, ಸ್ಟಾರ್ಟಪ್, ಸಣ್ಣ ಉದ್ಯಮಕ್ಕೆ ಒಂದು ವರ್ಗಕ್ಕೆ 4,500 ರೂಪಾಯಿ, ಉಳಿದವರಿಗೆ 9,000. ಸಣ್ಣ ಉದ್ಯಮದ ರಿಯಾಯಿತಿ ಬೇಕಾದರೆ ಉದ್ಯಮ್ ಪ್ರಮಾಣಪತ್ರ ಲಗತ್ತಿಸಿ. ಕರ್ನಾಟಕದವರ ಅರ್ಜಿ ಚೆನ್ನೈ ಕಚೇರಿಯ ವ್ಯಾಪ್ತಿಗೆ ಬರುತ್ತದೆ. ದುಡ್ಡು ಕಮ್ಮಿ ಇದ್ದರೆ ಮೊದಲು 30ನೇ ವರ್ಗಕ್ಕೆ ಮಾತ್ರ ಹಾಕಿ, ಎಣ್ಣೆ ಖಚಿತವಾದ ಮೇಲೆ 29.

ಲೋಗೋಗಿಂತ ಮೊದಲು ಬರೀ ಶಬ್ದವನ್ನು ನೋಂದಾಯಿಸಿ ಅನ್ನುವುದು ನನ್ನ ಸಲಹೆ. ಲೋಗೋ ನಾಳೆ ಬದಲಾಗಬಹುದು, ಶಬ್ದ ನಿಲ್ಲುತ್ತದೆ. ಕನ್ನಡ ಲಿಪಿಯಲ್ಲಿ ಹಾಕುವುದಾದರೆ ಅದರ ಉಚ್ಚಾರ ಮತ್ತು ಅರ್ಥವನ್ನು ಇಂಗ್ಲಿಷಲ್ಲೋ ಹಿಂದಿಯಲ್ಲೋ ಬರೆದು ಕೊಡಬೇಕು. ಈಗಾಗಲೇ ಮಾರುತ್ತಿದ್ದರೆ ಯಾವಾಗಿನಿಂದ ಅನ್ನುವುದಕ್ಕೆ ಅಫಿಡವಿಟ್ ಬೇಕು, ಆದ್ದರಿಂದ ಹೆಸರು ಕಾಣುವ ಮೊದಲ ಬಿಲ್ಲನ್ನು ಜೋಪಾನ ಮಾಡಿ.

ಅರ್ಜಿಯನ್ನು ಪರಿಶೀಲಿಸಿ ಕಚೇರಿ ಒಂದು ಪರೀಕ್ಷಾ ವರದಿ ಕಳಿಸುತ್ತದೆ. ಅದರಲ್ಲಿ ಆಕ್ಷೇಪ ಬಂದರೆ ಒಂದು ತಿಂಗಳೊಳಗೆ ಉತ್ತರ ಕೊಡಬೇಕು. ಸುಮ್ಮನಿದ್ದರೆ ಅರ್ಜಿ ಕೈಬಿಟ್ಟ ಹಾಗೆ. 9ನೇ ಸೆಕ್ಷನ್ ಅಂತ ಬಂದರೆ ಹೆಸರು ವರ್ಣಿಸುತ್ತಿದೆ ಅಂತ ಅರ್ಥ, 11 ಅಂದರೆ ಇನ್ನೊಬ್ಬರ ಹೆಸರನ್ನು ಹೋಲುತ್ತದೆ ಅಂತ. ಒಪ್ಪಿಗೆಯಾದರೆ ಟ್ರೇಡ್ ಮಾರ್ಕ್ ಜರ್ನಲ್‌ನಲ್ಲಿ ಪ್ರಕಟವಾಗುತ್ತದೆ, ವಿರೋಧಿಸುವವರಿಗೆ ನಾಲ್ಕು ತಿಂಗಳ ಅವಕಾಶ. ನೋಂದಣಿ ಆದರೆ ಅರ್ಜಿ ಹಾಕಿದ ದಿನದಿಂದ 10 ವರ್ಷ, ಆಮೇಲೆ ನವೀಕರಿಸಬಹುದು.

ಈ ನಡುವೆ ಹೆಸರಿನ ಪಕ್ಕ TM ಅಂತ ಹಾಕಿಕೊಳ್ಳಬಹುದು. ವೃತ್ತದೊಳಗಿನ R ಗುರುತನ್ನು ನೋಂದಣಿಗೆ ಮುಂಚೆ ಹಾಕಿದರೆ ಅದು ಅಪರಾಧ. ಅಚ್ಚಿನ ವಿಷಯದಲ್ಲೂ ಆತುರ ಬೇಡ. ಬಣ್ಣದ ಪೌಚ್ ಮಾಡಿಸೋಕೆ ಪ್ರತಿ ಬಣ್ಣಕ್ಕೂ ಒಂದೊಂದು ಸಿಲಿಂಡರ್ ಕೆತ್ತಿಸಬೇಕು, ಹೆಸರು ಬದಲಾದರೆ ಅದರ ದುಡ್ಡೆಲ್ಲ ಹೋಯಿತು. ಪರೀಕ್ಷಾ ವರದಿ ಬರುವವರೆಗೆ ಖಾಲಿ ಪೌಚಿಗೆ ಸ್ಟಿಕರ್ ಅಂಟಿಸಿ ಮಾರಿ.